ಪೋರ್ಟಲ್‌ನಲ್ಲಿ ಆಕ್ಟಿವ್ ತೋರಿಸ್ತಿದೆ, ಆದ್ರೆ ಬಿಲ್ 2ಬಿಗೆ ಬಂದಿಲ್ಲ. ಬಾಕಿ ದುಡ್ಡು ಕೊಡ್ಬೋದಾ?

ಪೀಣ್ಯ_ಶೀಟ್‌ಮೆಟಲ್

ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ದು ಚಿಕ್ಕ ಫ್ಯಾಬ್ರಿಕೇಷನ್ ಯೂನಿಟ್, ಪ್ಯಾನೆಲ್ ಬಾಕ್ಸು ಕೇಬಲ್ ಟ್ರೇ ಮಾಡ್ತೀವಿ, ಪರ್ಚೇಸ್ ಎಲ್ಲಾ ನಾನೇ ನೋಡ್ಕೊಳ್ಳೋದು. ಆಗಸ್ಟ್‌ನಲ್ಲಿ ಒಬ್ಬ ಹೊಸ ಸಪ್ಲೈಯರ್ ಹತ್ರ ಎಂಎಸ್ ಶೀಟ್ ತಗೊಂಡ್ವಿ, ರೇಟು ಸ್ವಲ್ಪ ಕಮ್ಮಿ ಇತ್ತು, ಮಾಲೂ ಚೆನ್ನಾಗೇ ಬಂತು. ಬಿಲ್ ಡೇಟು 18 ಆಗಸ್ಟ್ 2025, ಮಾಲಿಗೆ 4,00,000, ಜಿಎಸ್‌ಟಿ 18% ಅಂದ್ರೆ 72,000, ಒಟ್ಟು 4,72,000. ಅದ್ರಲ್ಲಿ 3 ಲಕ್ಷ ಆರ್‌ಟಿಜಿಎಸ್ ಮಾಡಿದ್ದೀವಿ, ಬಾಕಿ 1,72,000.

ಸಮಸ್ಯೆ ಏನಂದ್ರೆ ಸೆಪ್ಟೆಂಬರ್ 14ಕ್ಕೆ ಬಂದ ಆಗಸ್ಟ್ ತಿಂಗಳ 2ಬಿಯಲ್ಲಿ, ಅಂದ್ರೆ ಸಪ್ಲೈಯರ್‌ಗಳು ನಮ್ಮ ಹೆಸರಿಗೆ ಹಾಕಿದ ಬಿಲ್‌ಗಳ ಪಟ್ಟಿಯಲ್ಲಿ, ಈ ಬಿಲ್ಲೇ ಇಲ್ಲ. ಕೇಳಿದ್ರೆ ಪೋರ್ಟಲ್ ಪ್ರಾಬ್ಲಂ, ನಾಳೆ ಆಗುತ್ತೆ ನಾಡಿದ್ದು ಆಗುತ್ತೆ ಅಂತ ಮೂರು ವಾರದಿಂದ ಹೇಳ್ತಿದ್ದಾರೆ. ಜಿಎಸ್‌ಟಿ ನಂಬರ್ ಹಾಕಿ ನೋಡಿದೆ, Active ಅಂತಾನೇ ಇದೆ. ಇವತ್ತು ಅಕ್ಟೋಬರ್ 8, ಬಾಕಿಗೆ ದಿನಾ ಫೋನ್. ಕೊಟ್ಬಿಡ್ಲಾ? ಇನ್ನೊಂದು, ಎರಡನೇ ಲೋಡ್‌ಗೂ ಆರ್ಡರ್ ಕೇಳ್ತಿದ್ದಾರೆ.

ಹುಬ್ಬಳ್ಳಿ_ಹಾರ್ಡ್‌ವೇರ್

ಆಕ್ಟಿವ್ ಐತಿ ಅಂದ್ರ ಮುಗೀತಲ್ರೀ. ನಾವು ಇಷ್ಟು ವರ್ಷದಿಂದ ಅದನ್ನಷ್ಟ ನೋಡ್ತೀವಿ. ಖೊಟ್ಟಿ ನಂಬರ್ ಇದ್ರ ಪೋರ್ಟಲ್‌ದಾಗ ಬರೂದೇ ಇಲ್ಲ, ಕ್ಯಾನ್ಸಲ್ ಆಗಿದ್ರ ಕ್ಯಾನ್ಸಲ್ ಅಂತ ತೋರಸ್ತೈತಿ. 2ಬಿ ಈ ತಿಂಗಳ ಬರಲಿಲ್ಲಂದ್ರ ಮುಂದಿನ ತಿಂಗಳ ಬರ್ತದ. ಒಳ್ಳೆ ರೇಟಿಗೆ ಮಾಲ್ ಕೊಡೋ ಪಾರ್ಟಿನ ಇದಕ್ಕ ಕಳ್ಕೋಬ್ಯಾಡ್ರಿ.

ಲೆಡ್ಜರ್_ಸವಿತಾ

ಹುಬ್ಬಳ್ಳಿ ಸರ್, ಆಕ್ಟಿವ್ ಅನ್ನೋದು ನೋಂದಣಿ ಜೀವಂತ ಇದೆ ಅಂತ ಮಾತ್ರ ಹೇಳುತ್ತೆ, ಅವ್ರು ತೆರಿಗೆ ಕಟ್ತಿದ್ದಾರಾ ಇಲ್ವಾ ಅಂತ ಹೇಳಲ್ಲ. ತಿಂಗಳಿಗೊಂದ್ಸಲ ರಿಟರ್ನ್ ಹಾಕೋರು ಸತತ ಆರು ತಿಂಗಳು ಹಾಕದೇ ಇದ್ರೆ ಕ್ಯಾನ್ಸಲ್ ಮಾಡೋಕೆ ಕಾರಣ ಹುಟ್ಟುತ್ತೆ, ಅಲ್ಲೀವರೆಗೂ ಎಷ್ಟೋ ಜನ ಆಕ್ಟಿವ್ ಅಂತಲೇ ಇರ್ತಾರೆ.

ಪೀಣ್ಯ ಸರ್, ಒಂದು ಕೆಲಸ ಮಾಡಿ. gst.gov.in ನಲ್ಲಿ Search Taxpayer ಗೆ ಹೋಗಿ ಅದೇ ನಂಬರ್ ಮತ್ತೆ ಹಾಕಿ, ಲಾಗಿನ್ ಕೂಡ ಬೇಡ. ಹೆಸರು, ಅಡ್ರೆಸ್, ಸ್ಟೇಟಸ್ ಬಂದ ಮೇಲೆ ಅಲ್ಲಿಗೇ ನಿಲ್ಲಿಸ್ಬೇಡಿ, Show Filing Table ಅಂತ ಒಂದು ಬಟನ್ ಇರುತ್ತೆ, ಅದನ್ನ ಒತ್ತಿ. ಎರಡು ಪಟ್ಟಿ ಬರುತ್ತೆ, ಒಂದು ತೆರಿಗೆ ಕಟ್ಟೋ ರಿಟರ್ನ್ 3ಬಿದು, ಇನ್ನೊಂದು ಬಿಲ್ ಪಟ್ಟಿ ಕೊಡೋ ಜಿಎಸ್‌ಟಿಆರ್-1ದು. ಯಾವ ತಿಂಗಳಿಂದು ಯಾವ ದಿನ ಫೈಲ್ ಆಗಿದೆ ಅಂತ ಡೇಟ್ ಸಮೇತ ಇಲ್ಲಿ ಹಾಕಿ. ನಂಬರ್ ಹಾಕ್ಬೇಡಿ, ಡೇಟ್ ಸಾಕು.

ಹಂಗೇ ಬಿಲ್ ಮೇಲಿರೋ ಹೆಸರು ಪೋರ್ಟಲ್‌ನ Legal Name ಅಥವಾ Trade Name ಯಾವುದಕ್ಕಾದ್ರೂ ಹೊಂದುತ್ತಾ, ನೀವು ಆರ್‌ಟಿಜಿಎಸ್ ಮಾಡಿದ ಅಕೌಂಟ್ ಹೆಸರೂ ಅದೇನಾ ನೋಡ್ಕೊಳ್ಳಿ.

ಮಂಜು_ಕಿರಾಣಿ

ಅಕ್ಕ ನಂದೂ ಇದೇ ಪ್ರಾಬ್ಲಂ, ನಾನು ಕಾಂಪೊಸಿಷನ್‌ನಲ್ಲಿದ್ದೀನಿ, ಮೊನ್ನೆ ಯಾರೋ ಕಸ್ಟಮರ್ ಬಂದು ನಿಮ್ದು ಪೋರ್ಟಲ್‌ನಲ್ಲಿ 3ಬಿ ಒಂದೂ ಫೈಲ್ ಆಗಿಲ್ಲ ನೀವು ತೆರಿಗೆ ಕಟ್ಟಲ್ಲ ಅಂತ ಗಲಾಟೆ ಮಾಡಿದ್ರು. ನಾನು ಮೂರು ತಿಂಗಳಿಗೊಂದ್ಸಲ ಕರೆಕ್ಟಾಗಿ ಕಟ್ತಿದ್ದೀನಿ. ಇನ್ಮೇಲೆ ಪ್ರತಿ ತಿಂಗಳು 3ಬಿ ಹಾಕ್ಬೇಕಾ ನಾನು?

ಲೆಡ್ಜರ್_ಸವಿತಾ

ಬೇಡ ಮಂಜು. ಇಲ್ಲಿ ಕೇಳಿರೋದು ಬೇರೆ ವಿಷಯ, ಆದ್ರೂ ಹೇಳ್ತೀನಿ. ಕಾಂಪೊಸಿಷನ್‌ನೋರಿಗೆ 3ಬಿ ಇಲ್ಲವೇ ಇಲ್ಲ, ನೀವು ತುಂಬೋದು ಸಿಎಂಪಿ-08, ವರ್ಷಕ್ಕೊಂದ್ಸಲ ಜಿಎಸ್‌ಟಿಆರ್-4. ಆ ಕಸ್ಟಮರ್‌ಗೆ Taxpayer Type ಅನ್ನೋ ಸಾಲು ತೋರ್ಸಿ, ಅಲ್ಲಿ Composition ಅಂತಲೇ ಇರುತ್ತೆ. ಒಂದೇ ಎಚ್ಚರಿಕೆ, ನೀವು ಕೊಡೋದು ಬಿಲ್ ಆಫ್ ಸಪ್ಲೈ ಆಗಿರ್ಬೇಕು, ಅದ್ರಲ್ಲಿ ಜಿಎಸ್‌ಟಿ ಅಂತ ಬೇರೆ ಸಾಲು ಹಾಕಿ ದುಡ್ಡು ತಗೊಳ್ಳೋ ಹಾಗಿಲ್ಲ.

ಕೊಳ್ಳೋರಿಗೂ ಇದು ಅನ್ವಯಿಸುತ್ತೆ. ಸಪ್ಲೈಯರ್ ಕಾಂಪೊಸಿಷನ್ ಅಂತ ಪೋರ್ಟಲ್ ಹೇಳ್ತಿದ್ದು ಬಿಲ್‌ನಲ್ಲಿ ಟ್ಯಾಕ್ಸ್ ಹಾಕಿದ್ರೆ ಆ ಬಿಲ್ ವಾಪಸ್ ಕಳ್ಸಿ, ಅದ್ರ ಮೇಲೆ ನಿಮಗೆ ಐಟಿಸಿ, ಅಂದ್ರೆ ಕೊಟ್ಟ ತೆರಿಗೆಯ ಕ್ರೆಡಿಟ್, ಸಿಗಲ್ಲ.

ಮಂಜು_ಕಿರಾಣಿ

ಥ್ಯಾಂಕ್ಸ್ ಅಕ್ಕ, ಈಗ ಸಮಾಧಾನ ಆಯ್ತು.

ಪೀಣ್ಯ_ಶೀಟ್‌ಮೆಟಲ್

ಮೇಡಂ ನೋಡಿದೆ. ಆ ಬಟನ್ ಇದೆ ಅಂತಾನೇ ಗೊತ್ತಿರ್ಲಿಲ್ಲ. 3ಬಿ ಏಪ್ರಿಲ್‌ದು ಫೈಲ್ ಆಗಿರೋದು ಜೂನ್ 24, ಮೇದು ಜುಲೈ 30, ಜೂನ್‌ದು ಸೆಪ್ಟೆಂಬರ್ 27. ಜುಲೈ ಆಗಸ್ಟ್ ಎರಡೂ ಇಲ್ಲ. ಜಿಎಸ್‌ಟಿಆರ್-1 ಜುಲೈದು ಸೆಪ್ಟೆಂಬರ್ 28ಕ್ಕೆ ಆಗಿದೆ, ಆಗಸ್ಟ್‌ದು ಇಲ್ಲ. ಹೆಸರು ಅಕೌಂಟು ಎಲ್ಲಾ ಹೊಂದುತ್ತೆ, ಪ್ರೊಪ್ರೈಟರ್‌ಶಿಪ್, ಅವ್ರ ಹೆಸರೇ ಇದೆ.

ಲೆಡ್ಜರ್_ಸವಿತಾ

ಡೇಟ್ ಹಾಕಿದ್ದು ಒಳ್ಳೇದಾಯ್ತು, ಇಡೀ ಕಥೆ ಅದ್ರಲ್ಲೇ ಇದೆ.

ಮೊದ್ಲನೇದು, ಪೋರ್ಟಲ್ ಪ್ರಾಬ್ಲಂ ಅನ್ನೋದು ನಿಜ ಅಲ್ಲ. ನಿಯಮ 59(6) ಪ್ರಕಾರ ಹಿಂದಿನ ತಿಂಗಳ 3ಬಿ ಹಾಕದೆ ಈ ತಿಂಗಳ ಜಿಎಸ್‌ಟಿಆರ್-1 ಹಾಕೋಕೆ ಪೋರ್ಟಲ್ ಬಿಡೋದೇ ಇಲ್ಲ. ನೋಡಿ, ಜೂನ್ 3ಬಿ ಸೆಪ್ಟೆಂಬರ್ 27ಕ್ಕೆ ಹಾಕಿದ್ರು, ಬಾಗಿಲು ತೆರೀತು, ಮಾರನೇ ದಿನವೇ ಜುಲೈ ಜಿಎಸ್‌ಟಿಆರ್-1 ಹಾಕಿದ್ರು. ನಿಮ್ಮ ಬಿಲ್ ಇರೋದು ಆಗಸ್ಟ್‌ನಲ್ಲಿ. ಆಗಸ್ಟ್ ಜಿಎಸ್‌ಟಿಆರ್-1 ಹೋಗ್ಬೇಕಂದ್ರೆ ಜುಲೈ 3ಬಿ ಹಾಕ್ಲೇಬೇಕು, 3ಬಿ ಹಾಕ್ಬೇಕಂದ್ರೆ ಆ ತಿಂಗಳ ಪೂರ್ತಿ ತೆರಿಗೆ ಕಟ್ಲೇಬೇಕು, ಅರ್ಧಂಬರ್ಧ ಕಟ್ಟಿ ಫೈಲ್ ಮಾಡೋಕೆ ಬರಲ್ಲ. ಅಂದ್ರೆ ಅವ್ರ ಹತ್ರ ಜುಲೈ ತೆರಿಗೆಗೆ ದುಡ್ಡಿಲ್ಲ, ಅಷ್ಟೇ ವಿಷಯ.

ಎರಡನೇದು ತಡ ಹೇಗೆ ಬೆಳೆದಿದೆ ಅಂತ ನೋಡಿ. 3ಬಿಗೆ ಕೊನೇ ದಿನ ಮುಂದಿನ ತಿಂಗಳ 20. ಏಪ್ರಿಲ್‌ದು 35 ದಿನ ತಡ, ಮೇದು 40 ದಿನ, ಜೂನ್‌ದು 69 ದಿನ. ಯಾರಾದ್ರೂ ಒಂದ್ಸಲ ತಡ ಮಾಡಿದ್ರೆ ನಾನು ತಲೆ ಕೆಡ್ಸ್ಕೊಳ್ಳಲ್ಲ, ಪ್ರತಿ ತಿಂಗಳೂ ಅದೇ ಹತ್ತು ದಿನ ತಡ ಅಂದ್ರೂ ಅದು ಅವ್ರ ಅಭ್ಯಾಸ ಅನ್ಕೊಳ್ತೀನಿ. ಆದ್ರೆ ತಡ ಉದ್ದ ಆಗ್ತಾ ಹೋದ್ರೆ ಗಿರಾಕಿಗಳಿಂದ ಬಂದ ತೆರಿಗೆ ದುಡ್ಡನ್ನ ವ್ಯಾಪಾರಕ್ಕೆ ತಿರುಗಿಸ್ತಿದ್ದಾರೆ ಅಂತಲೇ ನನ್ನ ಅನುಭವ. ನೀವು ಮಾಲ್ ತಗೊಂಡ ಆಗಸ್ಟ್ 18ರಂದೇ ಈ ಟೇಬಲ್ ನೋಡಿದ್ರೂ ಜೂನ್ 3ಬಿ ಆಗಿಲ್ಲ ಅಂತ ಕಾಣ್ತಿತ್ತು.

ಈಗ ದುಡ್ಡಿನ ವಿಷಯ. ಬಾಕಿ 1,72,000ದಲ್ಲಿ 1,00,000 ಮಾಲಿನ ದುಡ್ಡು, ಅದು ಅವ್ರಿಗೆ ಸೇರ್ಬೇಕಾದ್ದು, ಕೊಟ್ಬಿಡಿ. ಉಳಿದ 72,000 ತೆರಿಗೆ. ಅದು ಸರ್ಕಾರಕ್ಕೆ ಹೋದ ಮೇಲಷ್ಟೇ ನಿಮಗೆ ಐಟಿಸಿ ಉಳಿಯೋದು, ಕಲಂ 16(2) ಹೇಳೋದೂ ಅದನ್ನೇ. ಅಷ್ಟನ್ನ ಹಿಡ್ಕೊಳ್ಳಿ, ಆಗಸ್ಟ್ 3ಬಿ ಫೈಲ್ ಆಗಿದ್ದು ಟೇಬಲ್‌ನಲ್ಲಿ ಕಂಡ ದಿನ ಕೊಡ್ತೀನಿ ಅಂತ ಮೆಸೇಜ್‌ನಲ್ಲಿ ಬರೆದು ಕಳ್ಸಿ.

ಹುಬ್ಬಳ್ಳಿ_ಹಾರ್ಡ್‌ವೇರ್

ಮೇಡಂ ಒಂದ್ ಮಾತ್ರೀ. ನೀವ್ ಹೇಳಿದ್ಮ್ಯಾಲೆ ನಾನೂ ನಮ್ಮ ಪಾರ್ಟಿಗಳ ಟೇಬಲ್ ತೆಗದ್ ನೋಡಿದೆ. ಒಬ್ಬಂವ ಏಪ್ರಿಲ್ ಮೇ 3ಬಿ ಹಾಕೇ ಇಲ್ಲ, ಸೀದಾ ಜೂನ್‌ದು ಹಾಕ್ಯಾನ. ಜುಲೈ ಆಗಸ್ಟ್ ಮತ್ತ ಇಲ್ಲ. ಇಂವ ಪಕ್ಕಾ ಗೋಲ್‌ಮಾಲ್ ಅಲ್ಲೇನ್ರಿ? ಇಷ್ಟು ದಿನ ನಂಬಿದ್ನೆಲ್ಲ.

ಟ್ಯಾಲಿ_ಹುಡುಗ

ಅಣ್ಣ ನಿಲ್ಲಿ, ಅವ್ರ ಮೇಲೆ ಸಿಟ್ಟಾಗ್ಬೇಡಿ. ಅದು ಕ್ವಾರ್ಟರ್ಲಿ ಇರ್ಬೇಕು. 5 ಕೋಟಿವರೆಗೆ ಟರ್ನೋವರ್ ಇರೋರು ಮೂರು ತಿಂಗಳಿಗೊಂದ್ಸಲ 3ಬಿ ಹಾಕ್ಬೋದು, ಆಗ ಟೇಬಲ್‌ನಲ್ಲಿ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಅಷ್ಟೇ ಕಾಣೋದು. ಮಧ್ಯದ ಎರಡು ತಿಂಗಳು ಖಾಲಿ ಇರೋದು ತಪ್ಪಲ್ಲ. ಜೂನ್‌ದು ಯಾವತ್ತು ಹಾಕಿದ್ದಾರೆ ನೋಡಿ, ನಮ್ಮ ಕರ್ನಾಟಕಕ್ಕೆ ಕ್ವಾರ್ಟರ್ಲಿ 3ಬಿ ಕೊನೇ ದಿನ 22, ಜುಲೈ 22ರೊಳಗೆ ಇದ್ರೆ ಅವ್ರು ಸರಿಯಾಗೇ ಇದ್ದಾರೆ.

ಹುಬ್ಬಳ್ಳಿ_ಹಾರ್ಡ್‌ವೇರ್

ಜುಲೈ 21 ಐತೆಪಾ. ಚಲೋ ಆತು ಕೇಳಿದ್ದು, ಇಲ್ಲಂದ್ರ ನಾಳೆ ಫೋನ್ ಹಚ್ಚಿ ಬೈತಿದ್ದೆ.

ಲೆಡ್ಜರ್_ಸವಿತಾ

ಕ್ವಾರ್ಟರ್ಲಿಯವ್ರ ಹತ್ರ ಕೊಳ್ಳೋವಾಗ ಇನ್ನೊಂದು ಗೊತ್ತಿರ್ಲಿ ಸರ್. ಮೊದಲ ಎರಡು ತಿಂಗಳ ಬಿಲ್‌ನ ಅವ್ರು ಐಎಫ್‌ಎಫ್ ಅನ್ನೋ ಮಧ್ಯದ ಬಿಲ್ ಪಟ್ಟಿಯಲ್ಲಿ ಮುಂದಿನ ತಿಂಗಳ 13ರೊಳಗೆ ಹಾಕ್ಬೋದು, ಹಾಕ್ಲೇಬೇಕು ಅಂತಿಲ್ಲ. ಹಾಕದಿದ್ರೆ ನಿಮ್ಮ ಜುಲೈ ಬಿಲ್ ಕಾಣೋದು ಅಕ್ಟೋಬರ್ 14ರ 2ಬಿಯಲ್ಲಿ. ಅಲ್ಲೀವರೆಗೆ ನಿಮ್ಮ ದುಡ್ಡು ಸಿಕ್ಕಾಕೊಂಡಿರುತ್ತೆ. ಐಎಫ್‌ಎಫ್ ಹಾಕ್ತೀರಾ ಅಂತ ಆರ್ಡರ್ ಕೊಡೋ ಮುಂಚೆನೇ ಕೇಳ್ಬಿಡೋದು ಒಳ್ಳೇದು.

ಕರಾವಳಿ_ಟ್ರೇಡರ್

ನನ್ನದೂ ಒಂದು ಉಂಟು ಮಾರಾಯ್ರೆ, ಹೇಳಿದ್ರೆ ನಿಮಗೆ ಉಪಯೋಗ ಆಗ್ಬೋದು. 2022ರಲ್ಲಿ ಒಬ್ಬರಿಂದ ಪ್ಲೈವುಡ್ ತಗೊಂಡೆ, ಆಗ ಅವ್ರು ಆಕ್ಟಿವ್, ಬಿಲ್ ಎಲ್ಲ 2ಬಿಯಲ್ಲಿ ಬಂದಿತ್ತು, ದುಡ್ಡು ಪೂರಾ ಬ್ಯಾಂಕ್ ಮುಖಾಂತರ. ಎರಡು ವರ್ಷ ಆದ್ಮೇಲೆ ನನಗೆ ನೋಟಿಸ್ ಬಂತು. ನೋಡಿದ್ರೆ ಪೋರ್ಟಲ್‌ನಲ್ಲಿ ಅವ್ರ ಸ್ಟೇಟಸ್ Cancelled suo-moto, ಕ್ಯಾನ್ಸಲ್ ಆದ ದಿನ ಹಿಂದಕ್ಕೆ ಹಾಕಿದ್ದಾರೆ, ಅಂದ್ರೆ ನಾನು ಮಾಲ್ ತಗೊಂಡ ದಿನಕ್ಕಿಂತ ಮೊದಲು! ಹಾಗೆ ಹಿಂದಿನ ದಿನದಿಂದ ಕ್ಯಾನ್ಸಲ್ ಮಾಡ್ಲಿಕ್ಕೆ ಕಲಂ 29ರಲ್ಲಿ ಅಧಿಕಾರ ಉಂಟಂತೆ. ನಾನು ತಗೊಂಡ ದಿನ ಆಕ್ಟಿವ್ ಇತ್ತು ಅಂತ ನಾನು ಹೇಳಿದ್ರೆ ಆಫೀಸರ್ ಕೇಳಿದ್ದು ಒಂದೇ ಮಾತು, ಅದಕ್ಕೆ ಏನು ದಾಖಲೆ ಉಂಟು ನಿಮ್ಮತ್ರ? ಇವತ್ತಿನ ಪೋರ್ಟಲ್ ತೋರಿಸೋದು ಇವತ್ತಿನದ್ದು ಮಾತ್ರ ಅಲ್ವಾ.

ಅದಕ್ಕೆ ನಾನು ಈಗ ಏನು ಮಾಡ್ತೇನೆ ಅಂದ್ರೆ ಪ್ರತಿ ಹೊಸ ಪಾರ್ಟಿದು, ದೊಡ್ಡ ಬಿಲ್ ಬಂದಾಗೆಲ್ಲ, ಸ್ಟೇಟಸ್ ಪೇಜು ಮತ್ತು ಫೈಲಿಂಗ್ ಟೇಬಲ್ ಎರಡನ್ನೂ ತೆರೆದು ಕಂಪ್ಯೂಟರಿನ ತಾರೀಕು ಗಂಟೆ ಕಾಣೋ ಹಾಗೆ ಪಿಡಿಎಫ್ ಮಾಡಿ ಬಿಲ್ ಜೊತೆಗೇ ಇಡ್ತೇನೆ. ಕೇಸು ಇನ್ನೂ ಅಪೀಲಿನಲ್ಲಿ ಉಂಟು.

ವಕೀಲ_ದಾವಣಗೆರೆ

ಕರಾವಳಿಯವರೇ, ಪಿಡಿಎಫ್ ಇಡೋದು ಸರಿಯಾದ ಕೆಲಸ, ಆದರೆ ಅದೊಂದರಿಂದಲೇ ಗೆಲ್ಲೋಕೆ ಆಗಲ್ಲ. ಸುಪ್ರೀಂ ಕೋರ್ಟ್ ಮಾರ್ಚ್ 2023ರಲ್ಲಿ ಇಕಾಮ್ ಗಿಲ್ ಕಾಫಿ ಟ್ರೇಡಿಂಗ್ ಪ್ರಕರಣದಲ್ಲಿ ಹೇಳಿದ್ದು ನೆನಪಿಡಿ, ಅದು ನಮ್ಮ ಕರ್ನಾಟಕದ್ದೇ ಕೇಸು, ವ್ಯಾಟ್ ಕಾಲದ್ದು. ಬಿಲ್ ಇದೆ, ಚೆಕ್‌ನಲ್ಲಿ ದುಡ್ಡು ಕೊಟ್ಟಿದ್ದೀನಿ ಅಂದ್ರೆ ಸಾಲದು, ಮಾಲು ನಿಜವಾಗಲೂ ಸಾಗಿ ಬಂದಿದೆ ಅಂತ ಕೊಂಡವನೇ ತೋರಿಸಬೇಕು ಅಂತ. ಗಾಡಿಯ ವಿವರ, ಬಾಡಿಗೆ ಕೊಟ್ಟಿದ್ದು, ಮಾಲು ತಲುಪಿದ್ದಕ್ಕೆ ಸಹಿ, ಇಂಥವು. ಅದು ವ್ಯಾಟ್ ಕಾನೂನಿನ ತೀರ್ಪಾದ್ರೂ ಜಿಎಸ್‌ಟಿ ವಿಚಾರಣೆಯಲ್ಲೂ ಇಲಾಖೆಯವರು ಅದನ್ನೇ ಮುಂದಿಡ್ತಾರೆ. ನಿಮ್ಮ ಹತ್ರ ಲಾರಿ ರಸೀದಿ, ಇ-ವೇ ಬಿಲ್ ಇವೆಯಾ?

ಕರಾವಳಿ_ಟ್ರೇಡರ್

ಇ-ವೇ ಬಿಲ್ ಉಂಟು ಸಾರ್, ತೂಕದ ಚೀಟಿ ಕೂಡ ಕೆಲವಕ್ಕೆ ಉಂಟು. ಎರಡು ಲೋಡಿಗೆ ಲಾರಿ ರಸೀದಿ ಸಿಗ್ತಾ ಇಲ್ಲ, ಅದೇ ತಲೆಬಿಸಿ.

ವಕೀಲ_ದಾವಣಗೆರೆ

ಆ ಲಾರಿಯ ಮಾಲೀಕರಿಂದ ಬಾಡಿಗೆ ಬಂದಿದ್ದಕ್ಕೆ ದೃಢೀಕರಣ ಪತ್ರ ತಗೊಳ್ಳೋಕೆ ನೋಡಿ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಬಾಡಿಗೆ ಹೋಗಿದ್ದು ಕಂಡ್ರೆ ಅದೂ ಆಗುತ್ತೆ. ಉಳಿದಿದ್ದು ನಿಮ್ಮ ವಕೀಲರ ಹತ್ರ ಮಾತಾಡಿ.

ಇನ್ನು ಸವಿತಾ ಅವರು ಹೇಳಿದ 72,000 ಹಿಡಿಯೋ ವಿಚಾರಕ್ಕೆ ನನ್ನದೊಂದು ತಕರಾರಿದೆ. ಪರ್ಚೇಸ್ ಆರ್ಡರ್‌ನಲ್ಲಿ ಅಂಥ ಷರತ್ತು ಇಲ್ಲದೆ ಹಿಡ್ಕೊಂಡ್ರೆ ಅದು ಬಾಕಿ ಹಣವೇ. ಸಪ್ಲೈಯರ್ ಉದ್ಯಮ್ ನೋಂದಣಿ ಇರೋ ಸಣ್ಣ ತಯಾರಕ ಆಗಿದ್ರೆ ಎಂಎಸ್‌ಎಂಇ ಕಾನೂನಿನಂತೆ ಹೆಚ್ಚಂದ್ರೆ 45 ದಿನದೊಳಗೆ ಕೊಡಬೇಕು, ಮೀರಿದ್ರೆ ಬಡ್ಡಿ, ಮೇಲಿಂದ ಹಣಕಾಸು ವರ್ಷ ಮುಗಿಯೋವರೆಗೂ ಕೊಡದಿದ್ರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಆ ವರ್ಷ ಸಿಗಲ್ಲ.

ಲೆಡ್ಜರ್_ಸವಿತಾ

ಷರತ್ತು ಇರ್ಬೇಕು ಅನ್ನೋದು ಒಪ್ತೀನಿ ಸರ್. ಆದ್ರೆ ಇವ್ರ ಸಪ್ಲೈಯರ್ ಶೀಟ್ ತಯಾರಿಸೋರಲ್ಲ, ಟ್ರೇಡರ್. ಟ್ರೇಡರ್‌ಗಳಿಗೆ ಉದ್ಯಮ್ ನೋಂದಣಿ ಇದ್ರೂ ಆ ತಡ ಪಾವತಿ ರಕ್ಷಣೆ ಸಿಗಲ್ಲ ಅಂತಲೇ ನಾವು ನೋಡ್ತಿರೋದು.

ವಕೀಲ_ದಾವಣಗೆರೆ

ಟ್ರೇಡರ್ ಅಂದ್ರೆ ಆ ಅಂಶ ಸರಿ. ಆದರೆ ಒಪ್ಪಂದದ ಪ್ರಶ್ನೆ ಹಾಗೇ ಉಳಿಯುತ್ತೆ. ಬಿಲ್‌ನಲ್ಲಿರೋ ಮೊತ್ತ ಕೊಡ್ತೀನಿ ಅಂತ ಮಾಲು ಇಳಿಸ್ಕೊಂಡಿದ್ದೀರಿ, ಆಮೇಲೆ ಹೊಸ ಷರತ್ತು ಹಾಕೋಕೆ ಏನು ಆಧಾರ?

ಲೆಡ್ಜರ್_ಸವಿತಾ

ಅವ್ರು ತೆರಿಗೆ ಅಂತ ಹೇಳಿ ವಸೂಲಿ ಮಾಡಿದ್ದು ತೆರಿಗೆಯಾಗಿ ಹೋಗ್ಬೇಕಲ್ವಾ ಸರ್, ನಮ್ಮ ಕಕ್ಷಿದಾರರೆಲ್ಲ ಅದೇ ಮಾತಿನ ಮೇಲೆ ಹಿಡೀತಾರೆ. ಕೋರ್ಟ್‌ವರೆಗೆ ಹೋಗಿದ್ದು ನಾನು ನೋಡಿಲ್ಲ.

ಪೀಣ್ಯ_ಶೀಟ್‌ಮೆಟಲ್

ಇಬ್ರೂ ಹೇಳೋದು ನಂಗೆ ಅರ್ಥ ಆಗ್ತಿದೆ, ಸದ್ಯಕ್ಕೆ 1 ಲಕ್ಷ ಇವತ್ತೇ ಹಾಕ್ಬಿಟ್ಟೆ, 72,000 ಬಗ್ಗೆ ಮೆಸೇಜ್ ಕಳ್ಸಿದ್ದೀನಿ. ಅದಕ್ಕೆ ಅವ್ರ ಉತ್ತರ ಬಂತು, ಎರಡನೇ ಲೋಡ್‌ನ 45-48 ಸಾವಿರದ ಹಂಗೆ ಚಿಕ್ಕ ಚಿಕ್ಕ ಬಿಲ್ ಮಾಡಿ ಕಳಿಸ್ತೀನಿ, ನಿಮಗೂ ಸುಲಭ ನಮಗೂ ಸುಲಭ ಅಂತ. ಇದೇನು ಅಂತ ಅರ್ಥ ಆಗ್ಲಿಲ್ಲ.

ಟ್ಯಾಲಿ_ಹುಡುಗ

ಬೇಡ ಅಣ್ಣ, ಖಂಡಿತ ಬೇಡ!! ಸತತ ಎರಡು ತಿಂಗಳ 3ಬಿ ಬಾಕಿ ಇದ್ರೆ ಅವ್ರ ನಂಬರಿಂದ ಮಾಲ್ ಹೊರಗೆ ಹೋಗೋಕೆ ಇ-ವೇ ಬಿಲ್ ಬ್ಲಾಕ್ ಆಗುತ್ತೆ, ನಿಯಮ 138ಇ. ಜುಲೈ ಆಗಸ್ಟ್ ಎರಡೂ ಬಾಕಿ ಅಂದ್ರಲ್ಲ. 50,000 ದಾಟಿದ್ರೆ ಇ-ವೇ ಬಿಲ್ ಬೇಕೇ ಬೇಕು, ಅದಕ್ಕೆ ಅದ್ರ ಕೆಳಗೆ ಬಿಲ್ ಒಡೀತಿದ್ದಾರೆ ಅಂತ ನನಗನ್ಸುತ್ತೆ. ನೀವೇ ಕೊಳ್ಳೋರ ಕಡೆಯಿಂದ ಇ-ವೇ ಬಿಲ್ ಮಾಡ್ಕೊಳ್ಳಿ ಅಂದ್ರೂ ಆಗಲ್ಲ, ಕಳಿಸೋರ ಜಾಗದಲ್ಲಿ ಅವ್ರ ನಂಬರ್ ಹಾಕಿದ ಕೂಡ್ಲೆ ತಡೆಯುತ್ತೆ. ewaybillgst.gov.in ನಲ್ಲಿ Search ಮೆನು ಒಳಗೆ Update Block Status ಅಂತ ಇದೆ, ಅವ್ರ ನಂಬರ್ ಹಾಕಿ ನೋಡಿ.

ಪೀಣ್ಯ_ಶೀಟ್‌ಮೆಟಲ್

ಬ್ಲಾಕ್ ಅಂತಲೇ ಬಂತು. ಎರಡನೇ ಲೋಡ್ ಬೇಡ ಅಂದ್ಬಿಟ್ಟೆ. ಹಳೇ ಸಪ್ಲೈಯರ್ ಹತ್ರಾನೇ ತಗೊಳ್ತೀನಿ, ರೇಟ್ ಜಾಸ್ತಿ ಆದ್ರೂ ಪರ್ವಾಗಿಲ್ಲ.

ಲೆಡ್ಜರ್_ಸವಿತಾ

ಒಂದು ಗಾಡಿಯಲ್ಲಿ ಬರೋ ಒಂದೇ ಲೋಡ್‌ನ ಬೇಕಂತಲೇ ಹತ್ತು ಬಿಲ್ ಮಾಡಿ ತರಿಸ್ಕೊಂಡಿದ್ರೆ ಚೆಕ್ಕಿಂಗ್‌ನಲ್ಲಿ ಸಿಕ್ಕಾಗ ಮಾಲೂ ಗಾಡಿಯೂ ನಿಂತಿರ್ತಿತ್ತು. ಬೇಡ ಅಂದಿದ್ದು ಒಳ್ಳೇದಾಯ್ತು ಸರ್.

ಪೀಣ್ಯ_ಶೀಟ್‌ಮೆಟಲ್

ಅಪ್ಡೇಟ್. ಇವತ್ತು ಅಕ್ಟೋಬರ್ 18. 72,000 ಬೇಕಂತ ಒದ್ದಾಡಿ ಜುಲೈ 3ಬಿ ಹಾಕಿದ್ದಾರೆ, ನಿನ್ನೆ ಆಗಸ್ಟ್ ಜಿಎಸ್‌ಟಿಆರ್-1ನೂ ಆಗಿದೆ, ಟೇಬಲ್‌ನಲ್ಲಿ ಕಾಣ್ತಿದೆ. ಪೋರ್ಟಲ್‌ನಲ್ಲಿ ಬಿಲ್ ಒಪ್ಕೊಳ್ಳೋ ಐಎಂಎಸ್‌ನಲ್ಲಿ ನಮ್ಮ ಬಿಲ್ಲೂ ಬಂದಿದೆ, 72,000 ಸರಿಯಾಗಿದೆ. ಆಗಸ್ಟ್ 3ಬಿ ಇನ್ನೂ ಆಗಿಲ್ಲ. ಈಗಂತೂ ಬಿಲ್ ಬಂತಲ್ಲ ದುಡ್ಡು ಕೊಡಿ ಅಂತ ಕೂತಿದ್ದಾರೆ.

ಹುಬ್ಬಳ್ಳಿ_ಹಾರ್ಡ್‌ವೇರ್

ಇನ್ನ ಕೊಡ್ರಿ ಮತ್ತ. 2ಬಿಗೆ ಬಂತು ಅಂದ್ರ ಕ್ರೆಡಿಟ್ ನಿಮ್ದಾತು. ಮನಷ್ಯಾ ಕಷ್ಟದಾಗ ಇದ್ದು ಮಾಡ್ಯಾನ.

ಲೆಡ್ಜರ್_ಸವಿತಾ

ಅವ್ರ ಕಷ್ಟ ನನಗೂ ಅರ್ಥ ಆಗುತ್ತೆ ಸರ್, ಆದ್ರೆ 2ಬಿಗೆ ಬರೋದು ಜಿಎಸ್‌ಟಿಆರ್-1ರಿಂದ, ಅದ್ರಲ್ಲಿ ಒಂದು ರೂಪಾಯಿ ಕಟ್ಟೋದಿಲ್ಲ, ಬರೀ ಬಿಲ್ ಪಟ್ಟಿ. ದುಡ್ಡು ಕಟ್ಟೋದು 3ಬಿಯಲ್ಲಿ. ಐಎಂಎಸ್‌ನಲ್ಲಿ ಬಿಲ್ ಕಂಡ್ರಂತೂ ಇನ್ನೂ ಕಮ್ಮಿ ಅರ್ಥ, ಅವ್ರು ಜಿಎಸ್‌ಟಿಆರ್-1 ಬರೀ ಸೇವ್ ಮಾಡಿಟ್ರೂ ಅಲ್ಲಿ ಕಾಣುತ್ತೆ. ಇಲ್ಲಿ ಫೈಲ್ ಆಗಿರೋದು ಟೇಬಲ್‌ನಿಂದ ಗೊತ್ತಾಗಿದೆ, ಅದು ಬೇರೆ.

ಈಗ ನಿಯಮ 37ಎ ಬರೋದು ಇಲ್ಲೇ. ಸಪ್ಲೈಯರ್ ಜಿಎಸ್‌ಟಿಆರ್-1 ಹಾಕಿ 3ಬಿ ಹಾಕದೆ ಕೂತ್ರೆ, ನೀವು ಐಟಿಸಿ ತಗೊಂಡ ಹಣಕಾಸು ವರ್ಷ ಮುಗಿದ ಮೇಲಿನ ಸೆಪ್ಟೆಂಬರ್ 30ರವರೆಗೆ ನೋಡ್ತಾರೆ, ಆಮೇಲೆ ನವೆಂಬರ್ 30ರೊಳಗೆ ನೀವು ಆ ಐಟಿಸಿ ವಾಪಸ್ ಕಟ್ಬೇಕು. ನೀವು ಐಟಿಸಿ 2025-26ರಲ್ಲೇ ತಗೊಂಡ್ರೆ 2026ರ ಸೆಪ್ಟೆಂಬರ್ ಮತ್ತು ನವೆಂಬರ್. ಆ ನವೆಂಬರ್ ದಾಟಿಸಿದ್ರೆ ಬಡ್ಡಿ ಶುರು, 72,000ಕ್ಕೆ 18% ಅಂದ್ರೆ ತಿಂಗಳಿಗೆ 1,080. ಆಮೇಲೆ ಯಾವತ್ತಾದ್ರೂ ಅವ್ರು 3ಬಿ ಹಾಕಿದ್ರೆ ಮತ್ತೆ ಐಟಿಸಿ ತಗೊಳ್ಬೋದು, ನಿಜ. ಆದ್ರೆ ಅಷ್ಟೊತ್ತಿಗೆ ನೀವು 72,000 ಅವ್ರಿಗೊಂದ್ಸಲ ಸರ್ಕಾರಕ್ಕೊಂದ್ಸಲ ಕೊಟ್ಟಿರ್ತೀರ, ಅವ್ರು ಅಂಗಡಿ ಮುಚ್ಚಿದ್ರೆ ಕೇಳೋಕೆ ಯಾರೂ ಇರಲ್ಲ.

ಅದಕ್ಕೆ ನಾನು ಹೇಳೋದು, ನಿಮ್ಮ ಬಿಲ್ ನವೆಂಬರ್ 14ರ 2ಬಿಯಲ್ಲಿ ಬರುತ್ತೆ. ಅಷ್ಟರೊಳಗೆ ಅವ್ರ ಆಗಸ್ಟ್ 3ಬಿ ಆಗದಿದ್ರೆ ಐಎಂಎಸ್‌ನಲ್ಲಿ ಆ ಬಿಲ್‌ನ Pending ಮಾಡಿ. ಸುಮ್ಮನೆ ಬಿಟ್ರೆ ಒಪ್ಕೊಂಡ ಹಾಗೆ ಆಗಿ 2ಬಿಗೆ ಸೇರ್ಬಿಡುತ್ತೆ. Reject ಮಾತ್ರ ಮಾಡ್ಬೇಡಿ, ಮಾಲು ನಿಜವಾಗಿ ಬಂದಿದೆ.

ವಕೀಲ_ದಾವಣಗೆರೆ

ಇದಕ್ಕೆ 180 ದಿನದ ಲೆಕ್ಕ ಸೇರಿಸಿ. ಐಟಿಸಿ ತಗೊಂಡು ತೆರಿಗೆ ಭಾಗ ಸಪ್ಲೈಯರ್‌ಗೆ ಕೊಡದೆ ಬಿಲ್ ದಿನದಿಂದ 180 ದಿನ ದಾಟಿದ್ರೆ, ಕೊಡದಿರೋ ಮೊತ್ತಕ್ಕೆ ತಕ್ಕಷ್ಟು ಐಟಿಸಿಯನ್ನ ಬಡ್ಡಿ ಸಮೇತ ವಾಪಸ್ ಮಾಡಬೇಕು. ಆಗಸ್ಟ್ 18ರಿಂದ ಎಣಿಸಿದ್ರೆ 2026ರ ಫೆಬ್ರವರಿ 14. ಹಿಡ್ಕೊಳ್ಳೋದೂ ಶಾಶ್ವತ ಪರಿಹಾರ ಅಲ್ಲ ಅಂತ ಹೇಳೋಕೆ ಇದನ್ನ ಬರೀತಿದ್ದೀನಿ.

ಲೆಡ್ಜರ್_ಸವಿತಾ

ಹೌದು ಸರ್, ಬರೆದಿದ್ದು ಒಳ್ಳೇದಾಯ್ತು. ಆದ್ರೆ ಐಟಿಸಿನೇ ತಗೊಳ್ದೆ ಪೆಂಡಿಂಗ್ ಇಟ್ರೆ ವಾಪಸ್ ಮಾಡೋಕೆ ಏನೂ ಇರಲ್ಲ, ಅದಕ್ಕೇ ಪೆಂಡಿಂಗ್ ಅಂದಿದ್ದು. 3ಬಿ ಆದ ದಿನ 72,000 ಕೊಟ್ಟು, ಆ ತಿಂಗಳು ಒಪ್ಕೊಂಡು ಐಟಿಸಿ ತಗೊಂಡ್ರೆ ಎರಡೂ ಕಡೆ ಸರಿ. ಕೊನೇ ಗಡಿ 2026 ನವೆಂಬರ್ 30, ಅದನ್ನ ದಾಟಿದ್ರೆ ಈ ಬಿಲ್ ಮೇಲೆ ಐಟಿಸಿ ತಗೊಳ್ಳೋಕೆ ಆಗಲ್ಲ.

ಟ್ಯಾಲಿ_ಹುಡುಗ

ಒಂದು ಚಿಕ್ಕ ಉಪಾಯ, ಪಾರ್ಟಿ ಜಾಸ್ತಿ ಇರೋರಿಗೆ. ಒಬ್ಬೊಬ್ಬರದ್ದೇ ನಂಬರ್ ಹಾಕಿ ಕ್ಯಾಪ್ಚಾ ತುಂಬ್ತಾ ಕೂರೋ ಬದ್ಲು ಜಿಎಸ್‌ಟಿಆರ್-2ಎ ಎಕ್ಸೆಲ್ ಡೌನ್‌ಲೋಡ್ ಮಾಡಿ, 2ಬಿ ಅಲ್ಲ, 2ಎ. ಅದ್ರಲ್ಲಿ ಪ್ರತಿ ಬಿಲ್ ಎದುರು ಆ ಸಪ್ಲೈಯರ್ 3ಬಿ ಹಾಕಿದ್ದಾರಾ ಇಲ್ವಾ ಅಂತ ಒಂದು ಕಾಲಂ ಇದೆ, ಕ್ಯಾನ್ಸಲ್ ಆಗಿದ್ರೆ ಯಾವ ದಿನದಿಂದ ಅಂತ ಇನ್ನೊಂದು. ಸಪ್ಲೈಯರ್ ಆಮೇಲೆ ಏನು ಫೈಲ್ ಮಾಡಿದ್ರೂ ಬಂದ 2ಬಿ ಬದಲಾಗಲ್ಲ, 2ಎ ಮಾತ್ರ ಬದಲಾಗ್ತಾ ಇರುತ್ತೆ. ಪೇಮೆಂಟ್ ಲಿಸ್ಟ್ ಮಾಡೋ ಮುಂಚೆ ಆ ಕಾಲಂಗೆ ಫಿಲ್ಟರ್ ಹಾಕಿದ್ರೆ ಯಾರ್ಯಾರ ತೆರಿಗೆ ಭಾಗ ನಿಲ್ಲಿಸ್ಬೇಕು ಅಂತ ತಕ್ಷಣ ಸಿಗುತ್ತೆ. ಹೊಸ ಪಾರ್ಟಿಗೆ ಮಾತ್ರ ಇದು ಕೆಲ್ಸಕ್ಕೆ ಬರಲ್ಲ, ಅವ್ರದ್ದು ಮೊದ್ಲ ಬಿಲ್‌ಗೆ ಮುಂಚೆ ಟೇಬಲ್ಲೇ ನೋಡ್ಬೇಕು.

ಕರಾವಳಿ_ಟ್ರೇಡರ್

ಇದು ನನಗೆ ಗೊತ್ತೇ ಇರ್ಲಿಲ್ಲ, ಒಳ್ಳೆ ಮಾಹಿತಿ. ಆದ್ರೆ ಒಂದು ಕೇಳ್ತೇನೆ, 3ಬಿ ಹಾಕಿದ್ದಾರೆ ಅಂತ ಬಂದ್ರೂ ನಮ್ಮ ಬಿಲ್ಲಿನ ತೆರಿಗೆ ಅದ್ರಲ್ಲಿ ಸೇರಿದೆ ಅಂತ ಹೇಗೆ ಗೊತ್ತಾಗೋದು? ಬಿಲ್ ಪಟ್ಟಿಯಲ್ಲಿ ಹತ್ತು ಲಕ್ಷ ತೋರಿಸಿ 3ಬಿಯಲ್ಲಿ ಎರಡು ಲಕ್ಷ ಕಟ್ಟಿದ್ರೆ?

ಲೆಡ್ಜರ್_ಸವಿತಾ

ಅದು ನಮಗೆ ಕಾಣಲ್ಲ ಸರ್. ಟೇಬಲ್ ಹೇಳೋದು ಫೈಲ್ ಆದ ದಿನ ಮಾತ್ರ, ಮೊತ್ತ ಯಾರಿಗೂ ತೋರಿಸಲ್ಲ. ಶೂನ್ಯ 3ಬಿ ಹಾಕಿದ್ರೂ ಅಲ್ಲಿ ಫೈಲ್ ಆಗಿದೆ ಅಂತಲೇ ಬರುತ್ತೆ. ದೊಡ್ಡ ಮೊತ್ತದ ಸಪ್ಲೈಯರ್ ಆದ್ರೆ ಆ ತಿಂಗಳ 3ಬಿ ಪಿಡಿಎಫ್ ಕೇಳಿ ತಗೊಳ್ಳಿ, ಅದ್ರಲ್ಲಿ ಒಟ್ಟು ತೆರಿಗೆ ಕಾಣುತ್ತೆ. ನಿಮ್ಮ ಒಂದು ಬಿಲ್ಲಿನ ತೆರಿಗೆಗಿಂತ ಅದೇ ಕಮ್ಮಿ ಇದ್ರೆ ಗೊತ್ತಾಯ್ತಲ್ಲ. ಕೆಲವ್ರು ಕೊಡಲ್ಲ, ಬಲವಂತ ಮಾಡೋಕೆ ಆಗಲ್ಲ.

ವಕೀಲ_ದಾವಣಗೆರೆ

ಇಲಾಖೆ ಮೊದಲು ಸಪ್ಲೈಯರ್‌ನ ವಿಚಾರಿಸಬೇಕು, ಆಮೇಲೆ ಕೊಂಡವನ ಹತ್ರ ಬರಬೇಕು ಅಂತ ಕಲ್ಕತ್ತಾ ಹೈಕೋರ್ಟ್ 2023ರಲ್ಲಿ ಸನ್‌ಕ್ರಾಫ್ಟ್ ಎನರ್ಜಿ ಪ್ರಕರಣದಲ್ಲಿ ಹೇಳಿದೆ. ನೋಟಿಸ್ ಬಂದಾಗ ಆ ವಾದ ಮಾಡಬಹುದು. ಎಲ್ಲ ಹೈಕೋರ್ಟ್‌ಗಳ ಅಭಿಪ್ರಾಯ ಒಂದೇ ಇಲ್ಲ, ಅದನ್ನ ನಂಬಿ ಈಗಲೇ ದುಡ್ಡು ಬಿಡಬೇಡಿ.

ಪೀಣ್ಯ_ಶೀಟ್‌ಮೆಟಲ್

ಸರಿ ಸಾರ್. 72,000 ಹಿಡ್ಕೊಂಡಿದ್ದೀನಿ, ಬಿಲ್ Pending ಮಾಡಿದೆ. ಮುಂದಿನ ಆರ್ಡರ್‌ಗಳಿಗೆ ಹಾಕೋಕೆ ಷರತ್ತು ಹೇಗೆ ಬರೀಬೇಕು ಅಂತ ಯಾರಾದ್ರೂ ಹೇಳ್ತೀರಾ? ನಮ್ಮ ಪರ್ಚೇಸ್ ಆರ್ಡರ್‌ನಲ್ಲಿ ಈಗ ರೇಟು, ಡೆಲಿವರಿ ಬಿಟ್ರೆ ಏನೂ ಇಲ್ಲ.

ವಕೀಲ_ದಾವಣಗೆರೆ

ಸರಳವಾಗಿ ಹೀಗೆ ಹಾಕಿ: "ಬಿಲ್‌ನ ತೆರಿಗೆ ಮೊತ್ತವನ್ನು, ಸದರಿ ಬಿಲ್ ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಬಂದು, ಆ ಅವಧಿಯ ನಿಮ್ಮ ಜಿಎಸ್‌ಟಿಆರ್-3ಬಿ ಸಲ್ಲಿಕೆಯಾದ ಏಳು ದಿನದೊಳಗೆ ಪಾವತಿಸಲಾಗುವುದು. ನಿಮ್ಮ ಕಡೆಯ ಲೋಪದಿಂದ ನಾವು ಐಟಿಸಿ ಹಿಂದಿರುಗಿಸಬೇಕಾದಲ್ಲಿ ತೆರಿಗೆ, ಬಡ್ಡಿ, ದಂಡವನ್ನು ನೀವು ಭರಿಸತಕ್ಕದ್ದು." ಆರ್ಡರ್ ಮೇಲೆ ಅವರ ಸಹಿ ಅಥವಾ ಮೇಲ್‌ನಲ್ಲಿ ಒಪ್ಪಿಗೆ ಬರಬೇಕು, ನೀವೊಬ್ಬರೇ ಪ್ರಿಂಟ್ ಮಾಡ್ಕೊಂಡ್ರೆ ಆಗಲ್ಲ. ತಯಾರಕರಾದ್ರೆ 45 ದಿನದ ವಿಚಾರ ಮರೀಬೇಡಿ, ಅಲ್ಲಿ ಈ ಷರತ್ತು ನಿಲ್ಲುತ್ತೆ ಅಂತ ನಾನು ಭರವಸೆ ಕೊಡಲ್ಲ.

ಹುಬ್ಬಳ್ಳಿ_ಹಾರ್ಡ್‌ವೇರ್

ನಮ್ಮ ಕಡೆ ಇಂಥಾ ಕಾಗದ ತೋರ್ಸಿದ್ರ ಅರ್ಧ ಪಾರ್ಟಿ ಮಾಲ್ ಕೊಡೂದಿಲ್ರೀ. ದೊಡ್ಡ ಕಂಪನಿ ಮಾತು ಬ್ಯಾರೆ, ನಾವು ಸಣ್ಣವ್ರು ಕೇಳಿದ್ರ ನಿಮಗ್ ಬ್ಯಾಡಾದ್ರ ಬಿಡ್ರಿ ಅಂತಾರ. ನಾ ಏನ್ ಮಾಡ್ತೀನಂದ್ರ, ಇನ್‌ಮ್ಯಾಲೆ ಹೊಸ ಪಾರ್ಟಿದು ಟೇಬಲ್ ನೋಡಿನ ಆರ್ಡರ್ ಕೊಡ್ತೀನಿ, ಹಳೇರ್ದು ಮೂರು ತಿಂಗಳಿಗೊಮ್ಮೆ ನೋಡ್ತೀನಿ. ದುಡ್ಡು ಹಿಡಿಯೂದು ನನ್ನ ಕೈಲಿ ಆಗೂದಲ್ಲ.

ಲೆಡ್ಜರ್_ಸವಿತಾ

ಹಳಬ್ರದ್ದು ಮೂರು ತಿಂಗಳಿಗೆ ಸಾಲದು ಸರ್, ಪೀಣ್ಯದವ್ರ ಸಪ್ಲೈಯರ್ ಮೂರೇ ತಿಂಗಳಲ್ಲಿ 35 ದಿನದಿಂದ 69ಕ್ಕೆ ಹೋಗಿದ್ದು. ಪ್ರತಿ ತಿಂಗಳು 25ನೇ ತಾರೀಕಿನ ಮೇಲೆ, ಪೇಮೆಂಟ್ ಹಾಕೋ ಮುಂಚೆ, 2ಎ ಆ ಒಂದು ಕಾಲಂ ನೋಡಿ.